ಕೂರದ ಬೆಂಚಿನ ಫೀ

ಕಾಗವಾಡದವರಿಗೆ ಜಿಲ್ಲಾ ಕೇಂದ್ರ ಬೆಳಗಾವಿಯಾದರೂ ಪ್ಯಾಟಿ ಅಂದರೆ ಮಿರಜ, ಸಾಂಗಲಿ; ನಿಪ್ಪಾಣಿಯವರಿಗೆ ಕೊಲ್ಲಾಪುರ. ದವಾಖಾನಿಗೆ, ಮದುವೆಯ ಜವಳಿಗೆ ಹೋಗುತ್ತಿದ್ದ ಅದೇ ದಾರಿಯಲ್ಲಿ ಈಗ ಮಕ್ಕಳನ್ನು ನೀಟ್ ಕ್ಲಾಸಿಗೂ ಕಳಿಸುತ್ತೇವೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಮೊದಲೇ, "ಈ ವಾರ ತುಂಬಿದ್ರ ರಿಯಾಯಿತಿ" ಎಂಬ ಮಾತು ಕೇಳಿ ಕಬ್ಬಿನ ಬಿಲ್ಲಿನ ಹಣ ಪೂರಾ ಕೊಟ್ಟು ಬರುತ್ತೇವೆ.

ನನ್ನ ತಂಗಿಯೂ ಸಾಂಗಲಿಯ ಒಂದು ಕ್ಲಾಸಿಗೆ ಹಾಗೆಯೇ ಕೊಟ್ಟಳು. ಫೀ 60,000, ಅದರ ಮೇಲೆ ಶೇ 18ರ ಜಿಎಸ್‌ಟಿ 10,800. ಕ್ಲಾಸು ಶುರುವಾಗುವುದು ಜೂನ್‌ನಲ್ಲಿ. ಮೇ ಕೊನೆಗೆ ಮಗಳಿಗೆ ಮನೆಯ ಹತ್ತಿರವೇ ಒಳ್ಳೆಯ ಪಿಯು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹುಡುಗಿ ಆ ಕ್ಲಾಸಿನ ಬೆಂಚಿನ ಮೇಲೆ ಒಂದು ದಿನವೂ ಕೂತವಳಲ್ಲ. ಫೋನ್ ಮಾಡಿದರೆ, "ರಸೀದಿ ಹಿಂದ ನೋಡ್ರಿ ಅಕ್ಕಾರ, ತುಂಬಿದ ಫೀ ವಾಪಸ್ ಇಲ್ಲಂತ ಬರದೈತಿ" ಎಂಬ ಉತ್ತರ. "ಅಣ್ಣಾ, ಬರದ ಮ್ಯಾಲ ಮುಗೀತಲ್ಲ?" ಎಂದಳು ತಂಗಿ.

ಮುಗಿಯುವುದಿಲ್ಲ. ಇದನ್ನು ನಾನು ಕಲಿತದ್ದು ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ. ಚಿಕ್ಕವನಿದ್ದಾಗ ಅಪ್ಪ ಅಲ್ಲಿ ಒಂದು ಜೋಡಿ ಎತ್ತಿಗೆ ಸಂಚಕಾರ ಕೊಟ್ಟು, ಸಂಜೆಗೆ ಬೇಡವೆಂದು ಮನಸ್ಸು ಬದಲಿಸಿದರು. ಎತ್ತಿನ ಧಣಿ ಸಿಟ್ಟಾದ, ಬೈದ, ಆಮೇಲೆ ಆ ದಿನದ ಮೇವಿನ ಖರ್ಚಿನಷ್ಟು ಹಿಡಿದುಕೊಂಡು ಉಳಿದದ್ದನ್ನು ಅಪ್ಪನ ಕೈಗೆ ಹಾಕಿದ. ಕಾನೂನು ಓದದ ಆ ಮನುಷ್ಯನ ನ್ಯಾಯವೇ 1872ರ ಕರಾರು ಕಾಯ್ದೆಯ 74ನೇ ಕಲಮಿನಲ್ಲೂ ಇದೆ: ಕರಾರಿನಲ್ಲಿ ದಂಡ ಎಷ್ಟೇ ಬರೆದಿರಲಿ, ಕೊಡಬೇಕಾದದ್ದು ಸಮಂಜಸ ಪರಿಹಾರ ಮಾತ್ರ. ಪಾಠವೇ ಶುರುವಾಗದ ಕಡೆ ಪೂರ್ತಿ ಫೀ ನುಂಗುವುದು ಯಾವ ಪರಿಹಾರದ ಲೆಕ್ಕಕ್ಕೂ ಬರುವುದಿಲ್ಲ. ನೋಂದಣಿಯ ಸಣ್ಣ ಮೊತ್ತ ಹಿಡಿದರೆ ಹಿಡಿಯಲಿ.

ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿ ಕೋಚಿಂಗ್ ನಡುವೆ ಬಿಟ್ಟವರಿಗೂ ಉಳಿದ ಅವಧಿಯ ಫೀಯನ್ನು ಹತ್ತು ದಿನದೊಳಗೆ ಮರಳಿಸಿ ಎನ್ನುತ್ತದೆ. ನಡುವೆ ಬಿಟ್ಟವರಿಗೇ ಹಾಗಿದ್ದರೆ ಶುರುವಿಗೆ ಮೊದಲೇ ಬಿಟ್ಟವರ ಮಾತೇನು? ಆದರೆ ಮಾರ್ಗಸೂಚಿ ಕಾಯ್ದೆಯಲ್ಲ. ಅದು ವಾದಕ್ಕೆ ಬಲ ಕೊಡುತ್ತದೆ, ಅಷ್ಟೆ. ಕಾಯ್ದೆಯ ಬಲ ಸಿಗುವುದು ಗ್ರಾಹಕ ಆಯೋಗದಲ್ಲಿ. ಶಾಲೆ ಕಾಲೇಜುಗಳನ್ನು ಹೊರಗಿಟ್ಟ 2020ರ ಮನು ಸೋಲಂಕಿ ತೀರ್ಪಿನಲ್ಲೇ ರಾಷ್ಟ್ರೀಯ ಆಯೋಗ ಕೋಚಿಂಗ್ ಕೇಂದ್ರಗಳು ಗ್ರಾಹಕ ಕಾಯ್ದೆಯೊಳಗೆ ಬರುತ್ತವೆ ಎಂದಿತು.

ಗ್ರಾಹಕ ಕಾಯ್ದೆಗಿಂತ ಮೊದಲು ಬೇಕಾದದ್ದು ಒಂದು ಕಾಗದ. ಫೋನಿನ ಮಾತಿಗೆ ಸಾಕ್ಷಿಯಿಲ್ಲ, ಮತ್ತು ಈ ತಕರಾರಿನ ಜೀವ ಇರುವುದು ಎರಡು ತಾರೀಖುಗಳಲ್ಲಿ: ನಾವು ಬೇಡವೆಂದ ದಿನ, ಕ್ಲಾಸು ಶುರುವಾಗುವ ದಿನ. ಮೊದಲನೆಯದು ಎರಡನೆಯದಕ್ಕಿಂತ ಮುಂಚಿನದೆಂದು ತೋರಿಸಬೇಕು. ತಂಗಿ ವಾಟ್ಸಾಪಿಗೆ ಬಂದಿದ್ದ ವೇಳಾಪಟ್ಟಿಯನ್ನು ತೆಗೆದಿಟ್ಟುಕೊಂಡಳು. ರಸೀದಿ ಸಂಖ್ಯೆ, ತುಂಬಿದ ಮೊತ್ತ, ಪುಸ್ತಕ ಪಡೆದಿಲ್ಲವೆಂಬ ಮಾತು, ಬ್ಯಾಂಕ್ ಖಾತೆ, ಹದಿನೈದು ದಿನದ ಗಡುವು, ಇಷ್ಟನ್ನು ಬರೆದು ಸ್ಪೀಡ್ ಪೋಸ್ಟಿನಲ್ಲೂ ಇಮೇಲಿನಲ್ಲೂ ಕಳಿಸಿದಳು.

"ಜಿಎಸ್‌ಟಿ ಸರಕಾರಕ್ಕ ಹೋತ್ರಿ, ಅದನ್ನ ಹ್ಯಾಂಗ ಕೊಡೂದು?" ಎಂದರು ಅವರು. ಮುಂಗಡ ಪಡೆದು ಸೇವೆ ಕೊಡದಿದ್ದರೆ ರಿಫಂಡ್ ವೋಚರ್, ಇನ್‌ವಾಯ್ಸ್ ಆಗಿದ್ದರೆ ಕ್ರೆಡಿಟ್ ನೋಟ್ ಕೊಟ್ಟು ತೆರಿಗೆ ಸರಿಮಾಡಿಕೊಳ್ಳುವ ದಾರಿ ಜಿಎಸ್‌ಟಿ ಕಾಯ್ದೆಯಲ್ಲೇ ಇದೆ. ಅದನ್ನು ಹೇಳಿದ ಮೇಲೆ, "ಮುಂದಿನ ವರ್ಷ ತಮ್ಮನಿಗೆ ಹೊಂದಿಸ್ತೀವಿ, ಇಲ್ಲಿ ಸಹಿ ಮಾಡಿ ಮೂಲ ರಸೀದಿ ಕೊಡ್ರಿ" ಎಂದರು. ಇಲ್ಲಿಯೇ ಹಲವರು ಸೋಲುತ್ತಾರೆ. ಹಣ ಖಾತೆಗೆ ಬರುವ ಮೊದಲು "ಯಾವ ಬಾಕಿಯೂ ಇಲ್ಲ" ಎಂಬ ಕಾಗದಕ್ಕೆ ಸಹಿ ಹಾಕಬಾರದು, ರಸೀದಿಯ ಪ್ರತಿ ಕೊಡಬೇಕೇ ಹೊರತು ಮೂಲ ಕೊಡಬಾರದು.

ತಂಗಿ ಸಹಿ ಹಾಕದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಳು. ನೋಂದಣಿಯ 1,000 ಬಿಟ್ಟು ಉಳಿದ ಹಣ ಬಂತು. ಬರದಿದ್ದರೂ ಅವಳು ಸಾಂಗಲಿಯ ಕೋರ್ಟಿಗೆ ಅಲೆಯಬೇಕಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮು ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಬಿಡುತ್ತದೆ. ಹಳೆಯ ಕಾಯ್ದೆಯಲ್ಲಿ ಇದಿರಲಿಲ್ಲ. ಗಡಿಯ ನಮಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆಯಿಲ್ಲ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ಅಥಣಿಯಲ್ಲೋ ಚಿಕ್ಕೋಡಿಯಲ್ಲೋ ಕೂತು ಇದನ್ನು ಓದುತ್ತಿರುವವರ ಹಣವೂ ಹೀಗೆ ಸಿಕ್ಕಿಬಿದ್ದಿದ್ದರೆ ಕಾಗದ ಇವತ್ತೇ ಬರೆಯಿರಿ. ಆಯೋಗಕ್ಕೆ ಹೋಗಲು ತಕರಾರು ಹುಟ್ಟಿದ ದಿನದಿಂದ ಎರಡು ವರ್ಷವಷ್ಟೇ ಕಾಲ.