ರಾತ್ರಿ ಎರಡು ಹತ್ತು

ಮುಂಬಯಿಯ ಆಸ್ಪತ್ರೆಯೊಂದರಲ್ಲಿ ನಾನು ದಾದಿಯಾಗಿ ಸೇರಿ ಆಗ ನಾಲ್ಕು ವರ್ಷವಾಗಿತ್ತು. ಪುರುಷರ ವಾರ್ಡಿನಲ್ಲಿ ರಾತ್ರಿಪಾಳಿ. ಎರಡು ಗಂಟೆ ಹತ್ತು ನಿಮಿಷಕ್ಕೆ ಏನೋ ಬಿದ್ದ ಸದ್ದು ಕೇಳಿ ಓಡಿದೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಮಂಚದ ಎಡಬದಿಗೆ ನೆಲದ ಮೇಲೆ ಕುಳಿತಿದ್ದರು. ಹಣೆಯ ಮೇಲೆ ಸಣ್ಣ ಊತ. ಹೃದ್ರೋಗಕ್ಕಾಗಿ ಅವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುತ್ತಿದ್ದರು. ಎತ್ತಿ ಮಲಗಿಸಿದೆ, ರಕ್ತದೊತ್ತಡ ನೋಡಿದೆ, ಪಾಳಿಯ ವೈದ್ಯರಿಗೆ ಫೋನ್ ಮಾಡಿದೆ. ಬಳಿಕ ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಹೆಸರು ಕೇಳಿದೆ, ಟಾರ್ಚ್ ಹಿಡಿದು ಕಣ್ಣಿನ ಪಾಪೆಗಳನ್ನು ಪರೀಕ್ಷಿಸಿದೆ. ಆಮೇಲೆ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಮೂರು ವಾಕ್ಯ ಬರೆದೆ. ಕನ್ನಡದಲ್ಲಿ ಅವು ಹೀಗಾಗುತ್ತವೆ:

“ರೋಗಿ ಮಂಚದಿಂದ ಬಿದ್ದರು. ಡಾಕ್ಟರಿಗೆ ತಿಳಿಸಲಾಯಿತು. ಸ್ಥಿತಿ ಚೆನ್ನಾಗಿದೆ.”

ಬೆಳಗಿನ ಐದೂವರೆಗೆ ಅವರನ್ನು ಎಬ್ಬಿಸುವುದು ಕಷ್ಟವಾಯಿತು. ಸ್ಕ್ಯಾನಿನಲ್ಲಿ ತಲೆಬುರುಡೆಗೂ ಮಿದುಳಿಗೂ ನಡುವೆ ರಕ್ತ ಸೇರಿರುವುದು ಕಂಡಿತು. ಶಸ್ತ್ರಚಿಕಿತ್ಸೆಯಾಯಿತು, ಅವರು ಉಳಿದರು. ಮನೆಯವರು ದೂರು ಕೊಟ್ಟರು, ವಿಚಾರಣೆ ನಡೆಯಿತು.

ಆಸ್ಪತ್ರೆಯ ವಕೀಲರು ನನ್ನ ಮೂರು ವಾಕ್ಯಗಳನ್ನು ಒಂದೊಂದಾಗಿ ಎತ್ತಿಕೊಂಡರು. ‘ಅವರು ಮಂಚದಿಂದ ಬಿದ್ದುದನ್ನು ನೀವು ನೋಡಿದಿರಾ?’ ಇಲ್ಲ, ನೆಲದ ಮೇಲೆ ಕುಳಿತಿದ್ದುದನ್ನು ಮಾತ್ರ ನೋಡಿದ್ದೆ. ನನ್ನ ಊಹೆಯನ್ನು ಸಂಗತಿಯೆಂಬಂತೆ ಬರೆದಿದ್ದೆ. ನಿಜಕ್ಕೂ ಆ ಹಿರಿಯರು ಮರಾಠಿಯಲ್ಲಿ ‘ಡೋಳ್ಯಾಂಪುಢೆ ಅಂಧಾರೀ ಆಲೀ’ ಎಂದಿದ್ದರು. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟಿತ್ತು. ಮಂಚದಿಂದ ಉರುಳಿದ್ದರೆ ಪ್ರಶ್ನೆ ಮಂಚದ ಕಟಕಟೆಯದ್ದು. ಕಣ್ಣು ಕತ್ತಲಿಟ್ಟಿದ್ದರೆ ರಕ್ತದೊತ್ತಡದ್ದು. ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದಿದ್ದರೆ ಸಾಕಿತ್ತು.

ಎರಡನೆಯ ವಾಕ್ಯವೇ ನನ್ನನ್ನು ಹೆಚ್ಚು ಕಾಡಿದ್ದು. ಬಿದ್ದ ಸುದ್ದಿ ತಿಳಿಸಿದ್ದರು, ತಲೆಯ ಊತವನ್ನಾಗಲಿ ಮಾತ್ರೆಯ ವಿಷಯವನ್ನಾಗಲಿ ಹೇಳಲಿಲ್ಲ ಎಂದರು ವೈದ್ಯರು. ನಾನು ಎರಡನ್ನೂ ಹೇಳಿದ್ದೆ. ಆದರೆ ‘ತಿಳಿಸಲಾಯಿತು’ ಎಂಬ ಕರ್ತೃವಿಲ್ಲದ ಕ್ರಿಯಾಪದದಲ್ಲಿ ಯಾರು, ಯಾರಿಗೆ, ಎಷ್ಟು ಹೊತ್ತಿಗೆ, ಏನನ್ನು ಎಂಬುದೆಲ್ಲ ಕರಗಿಹೋಗಿತ್ತು. ಇನ್ನು ‘ಚೆನ್ನಾಗಿದೆ’ ಎಂಬುದು ಅಭಿಪ್ರಾಯವೇ ಹೊರತು ಪರೀಕ್ಷೆಯ ಫಲವಲ್ಲ. ಅರ್ಧ ಗಂಟೆಗೊಮ್ಮೆ ಹಿಡಿದ ಟಾರ್ಚಿನ ಬೆಳಕು ಹಾಳೆಯಲ್ಲಿ ಎಲ್ಲಿಯೂ ಬಿದ್ದಿರಲಿಲ್ಲ. ನನಗೆ ಎಚ್ಚರಿಕೆಯ ಪತ್ರ ಬಂತು.

ಅಂದು ಬರೆಯಬೇಕಿದ್ದುದು ಇಷ್ಟು:

“02.10: ಸದ್ದು ಕೇಳಿ ಹೋದಾಗ ರೋಗಿ ಮಂಚದ ಎಡಬದಿ ನೆಲದ ಮೇಲೆ ಕುಳಿತಿದ್ದರು. ಬಿದ್ದುದನ್ನು ಯಾರೂ ನೋಡಿಲ್ಲ. ‘ಮೂತ್ರಕ್ಕೆಂದು ಎದ್ದೆ, ಕಣ್ಣು ಕತ್ತಲಿಟ್ಟಿತು’ ಎಂದರು. ಎಡಹಣೆಯಲ್ಲಿ ಸುಮಾರು 2 ಸೆಂ.ಮೀ. ಊತ, ರಕ್ತಸ್ರಾವವಿಲ್ಲ. ಹೆಸರು, ಸ್ಥಳ ಸರಿಯಾಗಿ ಹೇಳಿದರು. ಪಾಪೆಗಳು ಸಮ, ಬೆಳಕಿಗೆ ಸ್ಪಂದಿಸುತ್ತವೆ. ಕೈಕಾಲು ನಾಲ್ಕನ್ನೂ ಆಡಿಸುತ್ತಾರೆ. ನಾಡಿ 104, ರಕ್ತದೊತ್ತಡ 100/60.
02.20: ಪಾಳಿಯ ವೈದ್ಯರಿಗೆ (ಹೆಸರು) ಫೋನಿನಲ್ಲಿ ಬಿದ್ದುದು, ಹಣೆಯ ಊತ, ರಕ್ತದೊತ್ತಡ, ರಕ್ತ ತೆಳುವಾಗಿಸುವ ಮಾತ್ರೆ ಇವನ್ನು ತಿಳಿಸಿದೆ. ಅರ್ಧ ಗಂಟೆಗೊಮ್ಮೆ ಗಮನಿಸಲು ಸೂಚಿಸಿದರು. ಸೂಚನೆಯನ್ನು ಓದಿಹೇಳಿ ಖಚಿತಪಡಿಸಿಕೊಂಡೆ.
02.50: ಕರೆದಾಗ ಕಣ್ಣು ತೆರೆದರು, ಹೆಸರು ಹೇಳಿದರು, ಪಾಪೆಗಳು ಸಮ.”

ಪ್ರತಿ ನಮೂದಿನ ಕೆಳಗೆ ಸಹಿ. ಇದನ್ನು ಬರೆಯಲು ಐದು ನಿಮಿಷ ಬೇಕು. ಅಷ್ಟೇ ಅಲ್ಲ, ಮಾತ್ರೆಯ ಹೆಸರನ್ನು ಹೀಗೆ ಕೈಯಾರೆ ಬರೆದಿದ್ದರೆ, ಸ್ಕ್ಯಾನ್ ಬೇಡವೇ ಎಂದು ವೈದ್ಯರನ್ನು ಮತ್ತೊಮ್ಮೆ ಕೇಳುವ ಬುದ್ಧಿ ನನಗೂ ಬರುತ್ತಿತ್ತೋ ಏನೋ.

ಇನ್ನೊಂದು ಮಾತನ್ನು ಹೇಳಲೇಬೇಕು. ದೂರು ಬಂದ ದಿನ ಸಹೋದ್ಯೋಗಿಯೊಬ್ಬರು, ‘ಸಾಲುಗಳ ನಡುವೆ ಜಾಗವಿದೆಯಲ್ಲ, ಪಾಪೆ ನೋಡಿದ್ದನ್ನು ಈಗ ಸೇರಿಸಿಬಿಡು’ ಎಂದು ಪಿಸುಗುಟ್ಟಿದರು. ಪೆನ್ನು ಕೈಯಲ್ಲಿತ್ತು. ತಡೆದವರು ಮೇಟ್ರನ್. ‘ಕೊನೆಯ ನಮೂದಿನ ಕೆಳಗೆ, ತಡವಾದ ನಮೂದು ಎಂದೇ ಬರೆಯಮ್ಮ. ಇವತ್ತಿನ ತಾರೀಕು, ಈಗಿನ ಗಂಟೆ ಹಾಕು. ನೆನಪಿದ್ದುದಷ್ಟನ್ನೇ ಬರೆ’ ಎಂದರು. ಬರೆದ ಪದವೇನಾದರೂ ತಪ್ಪಾದರೂ ಹಾಗೆಯೇ: ಕೆಳಗಿನ ಅಕ್ಷರ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಕು, ಸಮಯ. ಬಿಳಿ ಬಳಿಯುವುದಾಗಲಿ ಹಾಳೆ ಬದಲಿಸುವುದಾಗಲಿ ಕೂಡದು. ನನ್ನ ತಡವಾದ ನಮೂದಿಗೆ ವಿಚಾರಣೆಯಲ್ಲಿ ಹೆಚ್ಚು ತೂಕ ಸಿಗಲಿಲ್ಲ. ಆದರೆ ಅದನ್ನು ಸುಳ್ಳೆಂದು ಯಾರೂ ಕರೆಯಲಿಲ್ಲ.

ಈಗ ಹೊಸ ಹುಡುಗಿಯರು ಬರೆದ ಹಾಳೆಗಳನ್ನು ನಾನು ನೋಡುತ್ತೇನೆ. ‘ನಿದ್ದೆ ಚೆನ್ನಾಗಿತ್ತು’ ಎಂದಿದ್ದರೆ, ‘ನೀನು ಎಷ್ಟು ಗಂಟೆಗೆ ಹೋಗಿ ನೋಡಿದೆ?’ ಎಂದು ಕೇಳುತ್ತೇನೆ. ಗಂಟೆ ಹೇಳಿದರೆ, ಅದನ್ನೇ ಬರೆ ಎನ್ನುತ್ತೇನೆ.