ಕೊಡ ಕುಣಿಯಬಾರದು

ಹಳ್ಳಿಯ ನೀರಿನ ಬವಣೆ ಕುರಿತು ನಾವು ಮಾಡಿದ ವಿಡಿಯೊದಲ್ಲಿ ಎಂಟು ಸೆಕೆಂಡಿನ ಒಂದು ಅನಿಮೇಶನ್ ತುಣುಕಿದೆ. ತಲೆಯ ಮೇಲೆ ತುಂಬಿದ ಕೊಡ ಹೊತ್ತ ಹೆಂಗಸು ನಡೆಯುತ್ತಾಳೆ, ಅಷ್ಟೆ. ವಿಜಯನಗರದ ಬಾಡಿಗೆ ಕೋಣೆಯಲ್ಲಿ ಕೂತು, ಕ್ರಿಟಾದಲ್ಲಿ ಒಂದೊಂದೇ ಚಿತ್ರ ಬಿಡಿಸಿದೆವು. ಓಡಿಸಿ ನೋಡಿದರೆ ಅವಳು ಜಾತ್ರೆಗೆ ಹೊರಟಂತಿದ್ದಳು. ಕೊಡ ಖಾಲಿಯೆಂದು ಯಾರಿಗಾದರೂ ಅನ್ನಿಸುತ್ತಿತ್ತು. ಹಾಗೇ ಹಾಕಿದ್ದರೆ ನಮ್ಮ ವರದಿಯೇ ಸುಳ್ಳಾಗುತ್ತಿತ್ತು.

ಮೊದಲ ತಪ್ಪು ಲೆಕ್ಕದ್ದು. ಸೆಕೆಂಡಿಗೆ 24 ಫ್ರೇಮ್ ಇಟ್ಟುಕೊಂಡು, ಪ್ರತಿ ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿ, ಹೆಜ್ಜೆಗೆ 12 ಫ್ರೇಮ್ ಕೊಟ್ಟಿದ್ದೆವು. ಅರ್ಧ ಸೆಕೆಂಡಿಗೊಂದು ಹೆಜ್ಜೆ ಬರಿಗೈಯಲ್ಲಿ ನಡೆಯುವವರದು. ಕೆಂಗೇರಿಯಲ್ಲಿ ಕಟ್ಟಡ ಕೆಲಸದ ಅಕ್ಕ ಒಬ್ಬರು ತಲೆ ಮೇಲೆ ಬುಟ್ಟಿ ಹೊತ್ತು ನಡೆಯುವುದನ್ನು ಕೇಳಿಕೊಂಡು ಮೊಬೈಲಿನಲ್ಲಿ ಚಿತ್ರಿಸಿಕೊಂಡೆವು. ಸೆಕೆಂಡಿಗೆ 30 ಫ್ರೇಮಿನ ಆ ವಿಡಿಯೊದಲ್ಲಿ ಅವರ ಒಂದು ಹೆಜ್ಜೆಗೆ 20 ಫ್ರೇಮ್ ಹಿಡಿದಿತ್ತು. ನಮ್ಮ 24ರ ಲೆಕ್ಕಕ್ಕೆ ಅದು 16 ಫ್ರೇಮ್, ಅಂದರೆ ಹೆಜ್ಜೆಗೆ ಎಂಟು ಚಿತ್ರ. ಎರಡೂ ಕಾಲಿಗೆ ಸೇರಿ ಹದಿನಾರು. ಅದೇ ಸುತ್ತು ಆರು ಸಲ ತಿರುಗಿದರೆ ಎಂಟು ಸೆಕೆಂಡ್.

"ಬುಟ್ಟಿ ಕುಣೀಬಾರದ್ರಿ, ಮೊಣಕಾಲು ಕುಣೀಬೇಕು" ಎಂದಿದ್ದರು ಆ ಅಕ್ಕ. ನಮ್ಮ ಎರಡನೇ ತಪ್ಪು ಅಲ್ಲಿತ್ತು. ಒಂದನೇ ಚಿತ್ರದಲ್ಲಿ ಹಿಮ್ಮಡಿ ನೆಲ ಮುಟ್ಟುತ್ತದೆ, ಮೂರರಲ್ಲಿ ಭಾರ ಇಳಿದು ಮೊಣಕಾಲು ಬಾಗುತ್ತದೆ, ಐದರಲ್ಲಿ ಇನ್ನೊಂದು ಕಾಲು ಪಕ್ಕದಿಂದ ದಾಟುತ್ತದೆ, ಏಳರಲ್ಲಿ ಮೈ ಮೇಲೇಳುತ್ತದೆ. ಆನಿಯನ್ ಸ್ಕಿನ್ ಹಾಕಿದಾಗ ಹಿಂದಿನ ಚಿತ್ರಗಳು ಕೆಂಪಾಗಿ, ಮುಂದಿನವು ಹಸಿರಾಗಿ ಅಡಿಯಲ್ಲಿ ಮಸುಕಾಗಿ ಕಂಡವು. ಕೊಡದ ಬಾಯಿ ಏಣಿಯ ಮೆಟ್ಟಿಲಿನಂತೆ ಮೇಲೆ ಕೆಳಗೆ ಹರಡಿತ್ತು. ಐದು, ಏಳರಲ್ಲೂ ಮೊಣಕಾಲನ್ನು ಕೊಂಚ ಬಾಗಿಸಿಯೇ ಇಟ್ಟು ತಿದ್ದಿದೆವು. ಈಗ ಬಾಯಿಗಳು ಒಂದರ ಮೇಲೊಂದು ಕೂತವು. ಮೂರರಲ್ಲಿ ಮಾತ್ರ ಕೂದಲೆಳೆಯಷ್ಟು ಇಳಿತ ಬಿಟ್ಟೆವು. ಅದಿಲ್ಲದಿದ್ದರೆ ಭಾರವೇ ಕಾಣುವುದಿಲ್ಲ.

ಆದರೂ ಅವಳು ಎಣ್ಣೆ ಚೆಲ್ಲಿದ ನೆಲದಲ್ಲಿ ನಡೆದಂತೆ ಜಾರುತ್ತಿದ್ದಳು. ಆಕೃತಿ ನಿಂತಲ್ಲೇ ನಡೆದು ಹಿನ್ನೆಲೆ ಸರಿಯುವಾಗ, ನೆಲಕ್ಕೂರಿದ ಪಾದ ಪ್ರತಿ ಚಿತ್ರಕ್ಕೂ ಹಿನ್ನೆಲೆಯಷ್ಟೇ ಹಿಂದೆ ಹೋಗಬೇಕು. ನಮ್ಮ ಹೆಜ್ಜೆ 160 ಪಿಕ್ಸೆಲ್. ಎಂಟರಿಂದ ಭಾಗಿಸಿದರೆ ಚಿತ್ರಕ್ಕೆ 20. ಆನಿಯನ್ ಸ್ಕಿನ್‌ನಲ್ಲಿ ನೋಡಿದರೆ ಪಾದಗಳ ನಡುವಿನ ಅಂತರ ಒಂದು ಕಡೆ 30, ಇನ್ನೊಂದು ಕಡೆ ಹತ್ತು. ಕಣ್ಣಂದಾಜಿನಲ್ಲಿ ನಡುವಿನ ಚಿತ್ರ ತುಂಬಿದ್ದರ ಫಲ. ನೆಲದ ಗೆರೆಯ ಮೇಲೆ 20ಕ್ಕೊಂದು ಗುರುತು ಹಾಕಿ, ಊರಿದ ಪಾದವನ್ನು ಗುರುತಿನಿಂದ ಗುರುತಿಗೆ ಇಟ್ಟೆವು. ಹಿನ್ನೆಲೆಯನ್ನೂ ಎರಡು ಫ್ರೇಮಿಗೊಮ್ಮೆ 20ರಂತೆಯೇ ಸರಿಸಿದೆವು. ಜಾರುವುದು ನಿಂತಿತು.

ತಿದ್ದಿದ ತುಣುಕನ್ನು ಓನರ್ ಆಂಟಿಗೆ ತೋರಿಸಿದೆವು. ಚಿತ್ರ ಚೆನ್ನಾಗಿದೆ ಅನ್ನಲಿಲ್ಲ. "ಪಾಪ, ಎಷ್ಟು ದೂರದಿಂದ ತರ್ತಾಳಪ್ಪಾ?" ಎಂದು ಕೇಳಿದರು.