ಕೊನೆಯ ಸ್ಲೈಡಿನ ಎರಡು ಹೆಸರು

ಬಿ.ಜಿ. ಕೆರೆಯ ನಮ್ಮ ಮಕ್ಕಳು ಬ್ರಹ್ಮಗಿರಿಯ ಬಗ್ಗೆ ಮಾಡಿದ ಸ್ಲೈಡುಗಳ ಕೊನೆಯಲ್ಲಿ ‘ಆಧಾರಗಳು’ ಎಂದು ಬರೀ ಪುಸ್ತಕದ ಹೆಸರುಗಳಿದ್ದವು. ಯಾವುದನ್ನು ಮೊದಲು ಓದಬೇಕು, ಎಷ್ಟು ನಂಬಬೇಕು ಎಂಬುದು ಹೆಸರಿನಿಂದ ತಿಳಿಯದು. ಪ್ರತಿ ಹೆಸರಿನ ಕೆಳಗೂ ಟಿಪ್ಪಣಿ ಬರೆಸಿದೆ.

ಮಾರ್ಟಿಮರ್ ವೀಲರ್ ಅವರ 1947ರ ಉತ್ಖನನದ ವರದಿಗೆ ಬರೆದದ್ದು ಹೀಗೆ: ‘ಮಣ್ಣಿನ ಪದರಗಳ ಚಿತ್ರವನ್ನು ಮೊದಲು ನೋಡಿ, ಆ ಕ್ರಮ ಇಂದಿಗೂ ಉಪಯುಕ್ತ. ಕಲ್ಲುಕೊಡಲಿಯ ಜನ ಕ್ರಿ.ಪೂ. 1000ದ ಸುಮಾರಿನವರೆಂಬ ಲೆಕ್ಕ ಮಾತ್ರ ಹಳೆಯದು; ಇಂಗಾಲ-14ರ ವಿಧಾನ ಬಂದದ್ದು ಆಮೇಲೆ.’

ಆಲ್ಚಿನ್ ಅವರ 1963ರ ಪುಸ್ತಕಕ್ಕೆ ಒಬ್ಬ ‘ತುಂಬಾ ಒಳ್ಳೆಯದು’ ಎಂದು ಬರೆದಿದ್ದ. ಆ ಮಾತು ಯಾವ ಪುಸ್ತಕಕ್ಕಾದರೂ ಸಲ್ಲುತ್ತದಲ್ಲವೆ? ಅಳಿಸಿ, ‘ವೀಲರ್ ನಂತರ ಓದಿ, ಉಟ್ನೂರಿನ ಬೂದಿದಿಬ್ಬದ ಇಂಗಾಲ ಪರೀಕ್ಷೆ ಕ್ರಿ.ಪೂ. 2000ಕ್ಕೂ ಹಿಂದೆ ಹೋಗುತ್ತದೆ’ ಎಂದು ಬರೆದ. ಮೂರು ಸಾವಿರ ವರ್ಷ ಎಂದಿದ್ದ ತಮ್ಮ ಮೊದಲ ಸ್ಲೈಡನ್ನೂ ಮಕ್ಕಳೇ ತಿದ್ದಿಕೊಂಡರು.